ಕಾವಲುಗಾರ ಮಲಗಿದ್ದು ನಿಜ, ನಿದ್ದೆ ಮಾಡಿರಲಿಲ್ಲ

ಮಾನ್ಯರೇ,

ನಿನ್ನೆ ನಿಮ್ಮ ನಗರ ಪುಟದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಫೋಟೊ ನೋಡಿದೆ. ರಸ್ತೆ ತುಂಬ ನೀರು, ಅದರ ಕೆಳಗೆ ‘ಕಾವಲುಗಾರ ನಿದ್ದೆಗೆ ಜಾರಿದ್ದರಿಂದ ಕುಡಿಯುವ ನೀರು ಪೋಲು’ ಅಂತ ಒಂದು ಸಾಲು. ಅವರು ಮಲಗಿದ್ದು ನಿಜ. ಪಂಪ್ ರೂಮಿನ ಮೆಟ್ಟಿಲ ಬುಡದಲ್ಲಿ, ತೊಡೆ ಮೂಳೆ ಮುರಿದುಕೊಂಡು, ನಾಲ್ಕು ಗಂಟೆ. ಅವರನ್ನು ಮೊದಲು ಕಂಡವನು ನಾನು. ನಿಮ್ಮ ವರದಿಗಾರರು ರಸ್ತೆಯಲ್ಲೇ ಫೋಟೊ ಹೊಡೆದುಕೊಂಡು ಹೋಗುವ ಬದಲು ಗೇಟಿನ ಒಳಗೆ ಬಂದಿದ್ದರೆ ಹೇಳುತ್ತಿದ್ದೆ.

ಬೆಳಗಿನ ರೈಲಿಗೆ ಹೊರಟಿದ್ದೆ. ಐದೂ ನಲವತ್ತಕ್ಕೆ ಕೆಳಗೆ ಬಂದರೆ ಟೆರೇಸಿನಿಂದ ಸುರಿಯುತ್ತಿದ್ದ ನೀರು ನೇರವಾಗಿ ನನ್ನ ಸ್ಕೂಟರ್ ಸೀಟಿನ ಮೇಲೆ. ಕ್ಯಾಬಿನ್ನಿನಲ್ಲಿ ಗಾರ್ಡ್ ಇಲ್ಲ. ಅವರ ಫೋನ್ ಅಲ್ಲೇ ಚಾರ್ಜಿಗೆ ಹಾಕಿತ್ತು. ಬೈದುಕೊಂಡೇ ಬೇಸ್‌ಮೆಂಟಿಗೆ ಇಳಿದೆ, ಮೋಟರ್ ಆಫ್ ಮಾಡೋಣ ಅಂತ. ಟಾರ್ಚಿನ ಬೆಳಕಿಗೆ ಮೊದಲು ಕಂಡಿದ್ದು ಒಂದು ಹವಾಯಿ ಚಪ್ಪಲಿ. ಆಮೇಲೆ ಅವರು. ನನ್ನ ನೋಡಿ ಅವರು ಆಡಿದ ಮೊದಲ ಮಾತು, “ಸ್ವಾಮಿ, ಮೋಟರ್ ಆಫ್ ಮಾಡಿ, ನೀರು ಹೋಗ್ತಾ ಇದೆ.”

108ಕ್ಕೆ ಫೋನ್ ಮಾಡಿದರೆ ಆ ಕಡೆಯವರು ಹೆಸರು, ವಯಸ್ಸು ಕೇಳಿದರು. ಮೂರು ವರ್ಷದಿಂದ ದಿನಾ ನಮ್ಮ ಗೇಟು ತೆಗೆಯುವವರ ಹೆಸರು ನನಗೆ ಗೊತ್ತಿರಲಿಲ್ಲ. ‘ತಾತ’ ಅಂತಲೇ ಎಲ್ಲರೂ ಕರೆಯುವುದು. ರೈಲು ಹೋಯಿತು, ಟಿಕೆಟ್ ದುಡ್ಡು ಹೋಯಿತು, ಅರ್ಧ ದಿನ ರಜೆಯೂ ಹೋಯಿತು. ಅದಿರಲಿ ಬಿಡಿ.

ಕೋಪ ಬಂದಿದ್ದು ಆಮೇಲೆ. ರಾತ್ರಿ ಒಬ್ಬರೇ ಇರುವ ಗಾರ್ಡ್‌ಗಳ ಸುರಕ್ಷತೆಗೆ ಏಜೆನ್ಸಿಯವರು ‘ಸಿಸ್ಟಮ್’ ಇಟ್ಟಿದ್ದಾರಂತೆ. ಎರಡು ಗಂಟೆಗೊಮ್ಮೆ ವಾಟ್ಸಾಪ್ ಗುಂಪಿಗೆ ಸೆಲ್ಫಿ ಹಾಕಬೇಕು. ಆ ರಾತ್ರಿ ಹನ್ನೆರಡಕ್ಕೆ ತಾತನ ಫೋಟೊ ಬಂದಿದೆ. ಎರಡಕ್ಕೆ ಬಂದಿಲ್ಲ, ನಾಲ್ಕಕ್ಕೂ ಬಂದಿಲ್ಲ. ಹನ್ನೊಂದು ಕಟ್ಟಡ ನೋಡಿಕೊಳ್ಳುವ ಸೂಪರ್‌ವೈಸರ್ ಗುಂಪನ್ನು ಮ್ಯೂಟ್ ಮಾಡಿ ಮಲಗಿದ್ದಾರೆ. ಆರೂವರೆಗೆ ತಾತನ ಫೋನಿಗೆ ಅವರ ಕರೆ ಬಂತು. ನಾನೇ ಎತ್ತಿದೆ. “ಏನ್ರೀ, ಎರಡು ಫೋಟೊ ಮಿಸ್ಸು, ಅರ್ಧ ದಿನದ ಸಂಬಳ ಕಟ್” ಅಂದರು. ಆಗ ತಾತ ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾಯುತ್ತಿದ್ದರು.

ಇದಕ್ಕೆ ಹಾಜರಾತಿ ಅನ್ನಬಹುದು, ಸುರಕ್ಷತೆ ಅನ್ನಬಾರದು. ಫೋಟೊ ಬಂದರೆ ಮನುಷ್ಯ ಇದ್ದಾನೆ ಅಂತ ಗೊತ್ತಾಗುತ್ತೆ, ಸರಿ. ಬಾರದಿದ್ದರೆ ಎಷ್ಟು ನಿಮಿಷದೊಳಗೆ ಯಾರು ಎದ್ದು ಹೋಗಿ ನೋಡಬೇಕು? ಅದನ್ನು ಯಾರೂ ಬರೆದಿಟ್ಟಿಲ್ಲ. ಗಂಟೆಗೊಂದು ಸಹಿ ಹಾಕುವ ರಿಜಿಸ್ಟರ್ ಕೂಡ ಇದೆ. ತೆಗೆದು ನೋಡಿದೆ. ಬೆಳಗಿನ ಆರು ಗಂಟೆಯ ಸಹಿಯೂ ಆಗಲೇ ಬಿದ್ದಿತ್ತು! ರಾತ್ರಿ ಹತ್ತಕ್ಕೇ ಸಾಲಾಗಿ ಹಾಕಿಬಿಡುತ್ತಾರೆ, ಒಂದೇ ಪೆನ್ನು, ಅಕ್ಷರಕ್ಕೂ ಒಂದೇ ಓರೆ. ತಾತನನ್ನು ಬೈಯುವುದಿಲ್ಲ. ಯಾರೂ ಓದದ ಪುಸ್ತಕಕ್ಕೆ ನಿದ್ದೆಗಣ್ಣಲ್ಲಿ ಯಾರು ಬರೀತಾರೆ?

ಹೋದ ವರ್ಷ ದುಡ್ಡು ಎತ್ತಿ ಒಂದು ಪೆಟ್ರೋಲಿಂಗ್ ಮಷಿನ್ ಕೂಡ ತಂದೆವು. ಟಾರ್ಚಿನ ಹಾಗಿರುವ ಕೋಲು. ಟೆರೇಸು, ಪಂಪ್ ರೂಮು, ಹಿಂದಿನ ಗೇಟಿನ ಗೋಡೆಯ ಮೇಲೆ ಬಿಲ್ಲೆ ಅಂಟಿಸಿರುತ್ತಾರೆ, ಗಾರ್ಡ್ ಹೋಗಿ ಮುಟ್ಟಿಸಿದರೆ ಸಮಯ ದಾಖಲಾಗುತ್ತೆ. ಆದರೆ ಆ ದಾಖಲೆ ಕೋಲಿನ ಒಳಗೇ ಇರುತ್ತೆ. ತಿಂಗಳ ಕೊನೆಗೆ ಕಂಪ್ಯೂಟರಿಗೆ ಚುಚ್ಚಿದಾಗ ಹೊರಗೆ ಬರುತ್ತೆ. ಅಂದರೆ ಒಂದನೇ ತಾರೀಕು ಬಿದ್ದವರ ಸುದ್ದಿ ಮೂವತ್ತಕ್ಕೆ ತಿಳಿಯುತ್ತೆ. ಹಿಂದೆ ಇದ್ದ ಒಬ್ಬ ಹುಡುಗ ಬಿಲ್ಲೆಗಳನ್ನೆಲ್ಲ ಕಿತ್ತು ಕುರ್ಚಿಯ ಹಿಂದೆ ಅಂಟಿಸಿಕೊಂಡಿದ್ದ. ಬುದ್ಧಿವಂತ.

ಅಸೋಸಿಯೇಷನ್ ತುರ್ತು ಸಭೆ ಕರೆಯಿತು. ಮುಕ್ಕಾಲು ಗಂಟೆ ನೀರಿನ ಬಿಲ್ಲಿನ ಬಗ್ಗೆ ಮಾತಾಯಿತು. ಕೊನೆಗೊಬ್ಬರು ಎಮರ್ಜೆನ್ಸಿ ಗುಂಡಿ ಇರುವ ವಾಚ್ ಕೊಡಿಸೋಣ ಅಂದರು. ಪ್ರಜ್ಞೆ ತಪ್ಪಿದವರು ಗುಂಡಿ ಒತ್ತುವುದು ಹೇಗೆ? ಬಿದ್ದರೆ ತಾನೇ ಕರೆ ಮಾಡುವ ವಾಚ್ ಇದೆಯಂತೆ. ಇರಬಹುದು, ಆದರೆ ನಮ್ಮ ಪಂಪ್ ರೂಮಿನಲ್ಲಿ ಸಿಗ್ನಲ್ಲೇ ಬರುವುದಿಲ್ಲ. ತಾತನ ಜೇಬಿನಲ್ಲಿ ಫೋನ್ ಇದ್ದಿದ್ದರೂ ಅಷ್ಟೇ. ಮೋಟರ್ ಸದ್ದಿನಲ್ಲಿ ಕೂಗು ಕೇಳಿಸಲಿಲ್ಲ.

ಅದಕ್ಕೆ ಹತ್ತು ಪೈಸೆ ಖರ್ಚಿಲ್ಲದ ದಾರಿ ಇದೆ, ಅಣೆಕಟ್ಟಿನಲ್ಲಿ ಕೆಲಸ ಮಾಡಿದ ನಮ್ಮ ಚಿಕ್ಕಪ್ಪ ಹೇಳಿದ್ದು. ಕೆಳಗೆ ಇಳಿಯುವ ಮುಂಚೆ ಎಚ್ಚರ ಇರುವ ಒಬ್ಬರಿಗೆ ಒಂದು ಮಿಸ್ಡ್ ಕಾಲ್, ಹತ್ತಿ ಬಂದ ಮೇಲೆ ಇನ್ನೊಂದು. ಹದಿನೈದು ನಿಮಿಷದಲ್ಲಿ ಎರಡನೆಯದು ಬಾರದಿದ್ದರೆ ಆ ಕಡೆಯವರು ಫೋನ್ ಮಾಡಬೇಕು. ಎತ್ತದಿದ್ದರೆ ಪಕ್ಕದ ಕಟ್ಟಡದ ಗಾರ್ಡ್‌ಗೆ, ಆ ವಾರ ಸರದಿ ಇರುವ ಮನೆಯವರಿಗೆ. ಅವರು ಹೋಗಿ ಕಣ್ಣಾರೆ ನೋಡಬೇಕು. ಬಿದ್ದವರು ಏನೂ ಮಾಡಬೇಕಿಲ್ಲ, ಸುಮ್ನೆ ಬಿದ್ದಿದ್ದರೆ ಸಾಕು, ಕರೆ ಬಾರದಿರುವುದೇ ಗಂಟೆ ಬಾರಿಸುತ್ತೆ. ಆದರೆ ಆ ಕಡೆ ಒಬ್ಬರು ಎಚ್ಚರ ಇರಬೇಕು. ಎಲ್ಲ ಕೆಡುವುದು ಅಲ್ಲೇ. ಸಭೆಯಲ್ಲಿ ಸರದಿಗೆ ಯಾರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ನನಗೆ ಬಿ.ಪಿ. ಇದೆ.

ಗೋಡೆಯ ಮೇಲಿನ ತುರ್ತು ಸಂಖ್ಯೆಗಳ ಬೋರ್ಡು ನೋಡಬೇಕು ನೀವು. ಲಿಫ್ಟಿನವರು, ಗ್ಯಾಸಿನವರು, ಕೇಬಲ್ಲಿನವರು, ಎಲ್ಲರದ್ದೂ ಇದೆ. ಗಾರ್ಡ್‌ಗೆ ಏನಾದರೂ ಆದರೆ ಯಾರಿಗೆ ಹೇಳಬೇಕು ಅನ್ನುವುದು ಮಾತ್ರ ಇಲ್ಲ. ಅವರಿಗೆ ಸಕ್ಕರೆ ಕಾಯಿಲೆ ಅಂತ ಆಸ್ಪತ್ರೆಯಲ್ಲಿ ಗೊತ್ತಾಯಿತು. ಫೋನ್ ಲಾಕ್ ಆಗಿತ್ತು. ಮಗಳ ನಂಬರ್ ಏಜೆನ್ಸಿಯ ಅರ್ಜಿಯಲ್ಲಿತ್ತು, ಆ ಅರ್ಜಿ ಆಫೀಸಿನ ಬೀರುವಿನಲ್ಲಿತ್ತು, ಬೀರು ತೆಗೆಯುವುದು ಹತ್ತು ಗಂಟೆಗೆ.

2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ನಿಯಮದಲ್ಲಿ ಗಾರ್ಡ್‌ಗೆ 100 ಗಂಟೆ ತರಗತಿ, 60 ಗಂಟೆ ಹೊರಗಿನ ತರಬೇತಿ ಅಂತ ಇದೆ. ಪ್ರಥಮ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ತಾತನಿಗೆ ಏನು ಕಲಿಸಿದರು ಅಂತ ಕೇಳಿದೆ. “ಸಲ್ಯೂಟ್” ಅಂದರು. ಲೈಸೆನ್ಸ್ ಕೊಡುವ ಅಧಿಕಾರಿಗಳು ಇದನ್ನೆಲ್ಲ ಪರೀಕ್ಷೆ ಮಾಡಿಯೇ ಕೊಡುತ್ತಾರೆ ಅಂತ ನಂಬೋಣ.

ಇನ್ನು ನೀರು. ಪಾಲಿಕೆಯವರು ರಾತ್ರಿ ಒಂದೂವರೆಗೆ ನೀರು ಬಿಡುವುದು ಯಾವ ಪುಣ್ಯಕ್ಕೆ? ಹಗಲು ಬಿಟ್ಟರೆ ಅರವತ್ತು ದಾಟಿದ ಮನುಷ್ಯ ಕತ್ತಲಲ್ಲಿ ವಾಲ್ವ್ ತಿರುಗಿಸಲು ಇಳಿಯಬೇಕಿತ್ತಾ? ಈ ಬಗ್ಗೆ ನಾಲ್ಕು ಮನವಿ ಕೊಟ್ಟಿದ್ದೇನೆ, ನಾಲ್ಕಕ್ಕೂ ಸ್ವೀಕೃತಿ ಸೀಲು ಮಾತ್ರ ಸಿಕ್ಕಿದೆ. ಮೊನ್ನೆ ಮಳೆಯಲ್ಲಿ ಫೀಡರ್ ಹೋದಾಗ ಬಂದ ಲೈನ್‌ಮನ್ ಕೂಡ ಒಬ್ಬನೇ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಕಂಬ ಹತ್ತಿದ. “ಜೊತೆಗೆ ಯಾರೂ ಇಲ್ವೇನಪ್ಪಾ?” ಅಂದರೆ, “ಇನ್ನೊಬ್ಬ ಇನ್ನೊಂದು ಕಂಬದಲ್ಲಿದ್ದಾನೆ ಸಾರ್” ಅಂದ. ಸಬ್‌ಸ್ಟೇಷನ್ನಿಂದ ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದಿದ್ದೇವೆ ಅನ್ನುವ ಒಪ್ಪಿಗೆ, ತಗೊಂಡಿದ್ದನಂತೆ. ತಗೊಂಡರೂ ಯಾವುದೋ ಮನೆಯ ಜನರೇಟರಿನಿಂದ ಕರೆಂಟ್ ಹಿಂದಕ್ಕೆ ಹರಿದು ತಂತಿಗೆ ಬರಬಹುದು, ಅದಕ್ಕೇ ತಂತಿಗೆ ಅರ್ಥ್ ರಾಡ್ ಹಾಕಿಕೊಂಡು ಮುಟ್ಟಬೇಕು. ರಾಡ್ ಜೀಪಿನಲ್ಲಿತ್ತು. ಜೀಪು ಎಲ್ಲಿತ್ತೋ.

ಆದ್ದರಿಂದ ಏಜೆನ್ಸಿ ಮೇಲೆ ಕ್ರಮ ಆಗಲಿ, ಪಾಲಿಕೆ ನೀರನ್ನು ಹಗಲು ಬಿಡಲಿ, ರಾತ್ರಿ ಪಾಳಿಗೆ ಇಬ್ಬರು ಗಾರ್ಡ್ ಕಡ್ಡಾಯ ಆಗಲಿ. ಮೆಂಟೆನೆನ್ಸ್ ಮಾತ್ರ ಜಾಸ್ತಿ ಮಾಡಬೇಡಿ. ಇವು ಯಾವುದೂ ಆಗುವುದಿಲ್ಲ ಅಂತಾದರೆ ಸಂಬಂಧಪಟ್ಟ ಅಧಿಕಾರಿಗಳು ಒಂದು ರಾತ್ರಿ ಫೋನ್ ಮೇಲಿಟ್ಟು ನಮ್ಮ ಪಂಪ್ ರೂಮಿಗೆ ಇಳಿಯಲಿ. ಮೆಟ್ಟಿಲು ಇನ್ನೂ ಪಾಚಿ ಕಟ್ಟಿಕೊಂಡೇ ಇದೆ. ನಿಮ್ಮ ಪತ್ರಿಕೆ ‘ನಿದ್ದೆ’ ಅನ್ನುವ ಪದಕ್ಕೆ ತಿದ್ದುಪಡಿ ಹಾಕಲಿ. ತಾತ ಆಸ್ಪತ್ರೆಯಲ್ಲಿ ಆ ಪುಟ ಓದಿಸಿಕೊಂಡಿದ್ದಾರೆ.

– ಅದೇ ಅಪಾರ್ಟ್‌ಮೆಂಟಿನ ನಿವಾಸಿ, ಮೈಸೂರು