ನೋಟಿಸಿಗೆ ಉತ್ತರ ಬರೆಯುವ ಮುಂಚೆ: ಸಿಂಧನೂರಿನ ಗೆಳೆಯನಿಗೊಂದು ಪತ್ರ

ಪ್ರಿಯ ಬಸು,

ರೈತನ ವಕೀಲರು ಕಳಿಸಿದ ನೋಟಿಸಿನ ಫೋಟೊ ನೋಡಿದೆ. ನಿನ್ನ ಅಂಗಡಿಯ ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್ ಮೂರೇ ತಿಂಗಳಿಗೆ ಸುಟ್ಟಿತು, ಮೋಟರಿನ 42,000 ರೂಪಾಯಿ ವಾಪಸ್ ಕೊಡಿ, ಒಣಗಿದ ಹತ್ತಿಗೆ ಎರಡು ಲಕ್ಷ ಕೊಡಿ, ಅದೂ 15 ದಿನದೊಳಗೆ ಅಂತಿದೆ. ಆ 15 ದಿನ ವಕೀಲರೇ ಹಾಕಿದ ಗಡುವು, ಗ್ರಾಹಕರ ಕಾಯ್ದೆಯಲ್ಲಿ ಇರೋದಲ್ಲ. ಹಾಗಂತ ಸುಮ್ಮನೆ ಕೂರಬೇಡ. ನಾಳೆ ಕೇಸು ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ, "ಆರೋಪ ಸುಳ್ಳಾಗಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ?" ಅನ್ನುವ ಪ್ರಶ್ನೆ ಬರುತ್ತದೆ.

ಉತ್ತರದ ಮೊದಲ ಸಾಲುಗಳು ಇಷ್ಟೇ ಇರಲಿ:

"ನಿಮ್ಮ ಕಕ್ಷಿದಾರರ ಪರವಾಗಿ ನೀವು ಇಂಥ ದಿನಾಂಕ ಹಾಕಿ ಕಳಿಸಿದ ನೋಟಿಸ್ ಇಂಥ ದಿನ ನಮಗೆ ತಲುಪಿದೆ. ಈ ಉತ್ತರದಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡ ಸಂಗತಿಗಳನ್ನು ಬಿಟ್ಟು, ನೋಟಿಸಿನ ಉಳಿದೆಲ್ಲ ಆರೋಪಗಳನ್ನು ನಿರಾಕರಿಸುತ್ತೇವೆ."

ತಲುಪಿದ ದಿನ ಬರೆಯಲೇಬೇಕು, ಲಕೋಟೆಯನ್ನೂ ಎತ್ತಿಡು. ಎರಡನೆಯ ವಾಕ್ಯ ಬಿಟ್ಟರೆ, ನೀನು ಉತ್ತರಿಸದೆ ಬಿಟ್ಟ ಪ್ರತಿ ಆರೋಪವನ್ನೂ ಮೌನವಾಗಿ ಒಪ್ಪಿಕೊಂಡೆ ಅಂತ ವಾದಿಸಲು ದಾರಿಯಾಗುತ್ತದೆ. ಹತ್ತಿಯ ಎರಡು ಲಕ್ಷಕ್ಕೂ ಸದ್ಯ ಅಷ್ಟೇ ಸಾಕು; ಅದನ್ನು ರುಜುವಾತು ಮಾಡುವ ಹೊರೆ ಅವರದು.

ಆಮೇಲೆ, ಕಾಗದ ಹೇಳುವುದನ್ನಷ್ಟೇ ಒಪ್ಪಿಕೋ: ಬಿಲ್ ನಂಬರು, ತಾರೀಖು, ಮಾಡೆಲ್, ಪಡೆದ ಹಣ, ದೂರು ಬಂದ ದಿನ. ಮಾರಿದ್ದನ್ನೇ ಇಲ್ಲ ಅಂದರೆ ಬಿಲ್ಲು ಹೊರಬಂದ ದಿನ ನಿನ್ನ ಬೇರೆ ಮಾತಿಗೂ ಬೆಲೆ ಹೋಗುತ್ತದೆ.

ಕೆಡುವುದು ಸಾಮಾನ್ಯವಾಗಿ ಇದರ ಮುಂದಿನ ಸಾಲಿನಲ್ಲಿ. ಕೈ ತಡೆಯದೆ "ವೋಲ್ಟೇಜ್ ಕಮ್ಮಿ ಇತ್ತು, ಅದಕ್ಕೇ ಸುಟ್ಟಿದೆ" ಅಂತ ಬರೆದುಬಿಡುತ್ತೇವೆ. ಮೋಟರು ಇನ್ನೂ ಬಿಚ್ಚಿಲ್ಲ. ಬಾವಿಯಲ್ಲಿ ನೀರಿಲ್ಲದೆ ಓಡಿರಬಹುದು, ಒಂದು ಫೇಸ್ ಹೋಗಿರಬಹುದು, ಥ್ರಸ್ಟ್ ಬೇರಿಂಗೇ ಮೊದಲು ಹೋಗಿರಬಹುದು. ಸರ್ವಿಸ್ ಸೆಂಟರ್ ವರದಿಯಲ್ಲಿ ಬೇರಿಂಗ್ ಅಂತ ಬಂದರೆ ನಿನ್ನ ಸಹಿಯ ಕಾಗದವೇ ನಿನಗೆ ಎದುರಾಗಿ ನಿಲ್ಲುತ್ತದೆ. ಹಾಗಾಗಿ, "ನಿಮ್ಮ ಕಕ್ಷಿದಾರರು ಮೋಟರನ್ನು ಪರೀಕ್ಷೆಗೆ ಒಪ್ಪಿಸಲಿ; ವರದಿ ಬಂದ ಮೇಲೆ ವಿವರವಾದ ಉತ್ತರ ಕೊಡುವ ಹಕ್ಕನ್ನು ಕಾಯ್ದಿರಿಸಿದ್ದೇವೆ" ಅಂತ ಬರೆದು ಅಲ್ಲಿಗೆ ನಿಲ್ಲಿಸು. "ತಪ್ಪಾಯ್ತು, ಸರಿ ಮಾಡಿಕೊಡ್ತೀವಿ" ಅನ್ನುವ ಮಾತು, ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಂದಿರಲಿ, ಈ ಕಾಗದದಲ್ಲಿ ಬೇಡ.

ರಿಪೇರಿಯೋ ಅರ್ಧ ಹಣವೋ ಕೊಟ್ಟು ಮುಗಿಸುವ ಇರಾದೆ ಇದ್ದರೆ ಅದಕ್ಕೆ ಬೇರೆ ಪತ್ರ. "ರಾಜಿಗಾಗಿ ಮಾತ್ರ, ನಮ್ಮ ಹಕ್ಕುಗಳಿಗೆ ಬಾಧೆಯಿಲ್ಲದೆ" ಅಂತ ತಲೆಬರಹ ಹಾಕುವುದು ಆ ಪತ್ರಕ್ಕೇ. ಅದೇ ಮಾತನ್ನು ನೋಟಿಸಿನ ಉತ್ತರದ ಮೇಲೆ ಬರೆದು ಒಳಗೆ ತಪ್ಪೊಪ್ಪಿಕೊಂಡರೆ ಆ ತಲೆಬರಹ ಕಾಯುತ್ತದೆ ಅಂತ ನಂಬಬೇಡ.

ಬಿಲ್ಲಿನಲ್ಲಿರುವ ಅಂಗಡಿ ಹೆಸರಿನಲ್ಲೇ, ಮಾಲೀಕನಾಗಿ ಸಹಿ ಮಾಡು. ಕಳಿಸುವುದು ವಕೀಲರ ವಿಳಾಸಕ್ಕೆ, ಸ್ಪೀಡ್ ಪೋಸ್ಟಿನಲ್ಲಿ. ರಸೀದಿ ಮತ್ತು ನಕಲು ಫೈಲಿಗೆ. ಅಷ್ಟರವರೆಗೆ ರೈತನ ಫೋನು ಬಂದರೆ "ಉತ್ತರ ವಕೀಲರಿಗೆ ಕಳಿಸ್ತೀವಿ ಅಣ್ಣಾ" ಅಂದು ಸುಮ್ಮನಾಗು, ವಾಟ್ಸ್‌ಆ್ಯಪ್‌ನಲ್ಲೂ ಅಷ್ಟೇ. ಕರಡು ಬರೆದ ಮೇಲೆ ಸಿಂಧನೂರಿನಲ್ಲೇ ಯಾರಾದರೂ ವಕೀಲರಿಗೆ ಒಮ್ಮೆ ತೋರಿಸು, ಆಮೇಲೆ ಸಹಿ ಹಾಕು.

ನಿನ್ನ
ವೀರೇಶ