ಮೇರುಮಣಿಯ ಹತ್ತಿರ ಕೈ ತಿರುಗುವುದನ್ನು ತೋರಿಸು

ಚಿ. ಅನಘಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಜಪಸರ ಹಿಡಿಯುವ ಬಗ್ಗೆ ನೀನು ಮಾಡಿದ ಒಂದು ನಿಮಿಷದ ವಿಡಿಯೊ ನೋಡಿದೆ. ಮಾತು ಚೆನ್ನಾಗಿದೆ, ಕೈ ಸರಿಯಿಲ್ಲ. ಸರವನ್ನು ತೋರುಬೆರಳಿನ ಮೇಲೆ ಹಾಕಿಕೊಂಡಿದ್ದೀಯ, ಕೊನೆಗೆ ಕುಚ್ಚಿನ ಹತ್ತಿರದ ದಪ್ಪ ಮಣಿ, ಅಂದರೆ ಮೇರುಮಣಿಯನ್ನೂ ಎಣಿಸಿ ಮುಂದಕ್ಕೆ ಹೋಗಿಬಿಟ್ಟಿದ್ದೀಯ. ಹೊಸಬರು ಮಾಡುವ ತಪ್ಪುಗಳೂ ಹೆಚ್ಚಾಗಿ ಇವೇ. ಇನ್ನೊಮ್ಮೆ ತೆಗೆ.

ಬಲಗೈಯ ಅಂಗೈ ನಿನ್ನ ಕಡೆ ಇರಲಿ. ಸರ ನಡುಬೆರಳಿನ ಮಧ್ಯದ ಗೆಣ್ಣಿನ ಮೇಲೆ ಜೋತುಬೀಳಬೇಕು. ಉಂಗುರಬೆರಳು, ಕಿರುಬೆರಳು ಅದಕ್ಕೆ ಒತ್ತಿಕೊಂಡು ಆಸರೆ ಕೊಡುತ್ತವೆ. ತೋರುಬೆರಳು ದೂರ ಚಾಚಿಕೊಂಡಿರಲಿ; ಸರವನ್ನು ಒಳಗಿಟ್ಟು ಜಪ ಮಾಡುವ ಗೋಮುಖಿ ಚೀಲದಲ್ಲಾದರೆ ಅದು ಹೊರಗೇ ಇರುತ್ತದೆ. ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಮಣಿಯನ್ನು ಅಂಗೈ ಕಡೆಗೆ ಎಳೆದುಕೋ, ಉಗುರು ತಾಗದಿರಲಿ. ತೋರುಬೆರಳು ಬೆದರಿಸುವ ಬೆರಳು, ಅಹಂಕಾರದ ಗುರುತು, ಅದಕ್ಕೇ ಅದು ಬೇಡ ಎನ್ನುತ್ತಾರೆ. ಕೈಗೂ ಒಂದು ಕಾರಣವಿದೆ: ಅದು ಸೇರಿಕೊಂಡರೆ ಮಣಿಯನ್ನು ಚಿವುಟಿ ಎಳೆಯುವ ಹಾಗಾಗಿ ಒಂದರ ಜೊತೆ ಇನ್ನೊಂದು ಜಾರಿ ಬರುತ್ತದೆ. ಕೆಲವರ ಮನೆಗಳಲ್ಲಿ ಸರವನ್ನು ಉಂಗುರಬೆರಳಿನ ಮೇಲೆ ಹಾಕಿ ನಡುಬೆರಳು ಹೆಬ್ಬೆರಳಿನಿಂದ ಎಳೆಯುವ ರೂಢಿಯಿದೆ. ಅದನ್ನು ತಪ್ಪು ಎನ್ನಬೇಡ.

ಮಂತ್ರ ಹೇಳುವಷ್ಟು ಹೊತ್ತೂ ಮಣಿ ಹೆಬ್ಬೆರಳಿನ ಕೆಳಗೇ ಇರಬೇಕು, ಮುಗಿದ ಮೇಲೆ ಎಳೆಯಬೇಕು. ‘ಓಂ ನಮಃ ಶಿವಾಯ’ ಸ್ಪಷ್ಟವಾಗಿ ಹೇಳಲು 3 ಸೆಕೆಂಡು ಹಿಡಿಯಿತು ಅನ್ನು. ಸರದ 108 ಮಣಿಗೆ 324 ಸೆಕೆಂಡು, ಅಂದರೆ 5 ನಿಮಿಷ 24 ಸೆಕೆಂಡು. ಅದೇ ಸರ 3 ನಿಮಿಷಕ್ಕೆ ಮುಗಿದರೆ ಒಂದೋ ಅಕ್ಷರ ನುಂಗಿದ್ದೀಯ, ಇಲ್ಲವೇ ಮಣಿ ಹಾರಿದೆ. ಯಾವುದು ಎಂದು ತಿಳಿಯಲು ಮಂತ್ರ ಬಿಟ್ಟು ಒಂದು, ಎರಡು ಎಂದು ಎಣಿಸುತ್ತಾ ಒಂದು ಸುತ್ತು ಹೋಗು. ಮೇರು ಸಿಗುವಾಗ ಎಣಿಕೆ 104 ಎಂದಿದ್ದರೆ ನಾಲ್ಕು ಕಡೆ ಹೆಬ್ಬೆರಳು ಎರಡೆರಡು ಮಣಿ ಎಳೆದಿದೆ. ಇದಕ್ಕೂ ಮೊದಲು ಸರವನ್ನೇ ತಟ್ಟೆಯಲ್ಲಿಟ್ಟು ಹನ್ನೆರಡರಂತೆ ಒಂಬತ್ತು ಗುಂಪು ಮಾಡಿ ನೋಡು. ಅಂಗಡಿಯಿಂದ ತಂದ ಸರದಲ್ಲಿ ಒಂದು ಮಣಿ ಹೆಚ್ಚು ಕಡಿಮೆ ಇರುವುದುಂಟು. ಮೇರು ಈ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನು ಮೇರುವಿನ ಮಾತು. ವಿಡಿಯೊದ ಅರ್ಧ ಸಮಯ ಇದಕ್ಕೇ ಕೊಡು, ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಮೇರುವಿನ ಪಕ್ಕದ ಮಣಿಯಿಂದ ಶುರು. 108ನೆಯ ಮಣಿ ಹೆಬ್ಬೆರಳಿನ ಕೆಳಗಿರುವಾಗ ಅದರಾಚೆ ದಪ್ಪ ಮಣಿ, ಕುಚ್ಚು ಕೈಗೆ ತಾಗುತ್ತದೆ. ಮಂತ್ರ ಮುಗಿಸು, ಆದರೆ ಎಳೆಯಬೇಡ. ಆ 108ನೆಯ ಮಣಿಯನ್ನು ಹೆಬ್ಬೆರಳು, ಉಂಗುರಬೆರಳಿನ ನಡುವೆ ಹಿಡಿದು ನಡುಬೆರಳನ್ನು ಸರದಿಂದ ಹೊರಗೆ ತೆಗೆ. ಸರ ಅರ್ಧ ಸುತ್ತು ತಿರುಗಲಿ. ನಡುಬೆರಳನ್ನು ಆಚೆ ಕಡೆಯಿಂದ ಮತ್ತೆ ಒಳಗೆ ತೂರಿಸು. ಈಗ ಮೇರು ಹಿಂದಾಯಿತು, 108ನೆಯದಾಗಿದ್ದ ಮಣಿಯೇ ಎರಡನೆಯ ಸುತ್ತಿನ ಮೊದಲ ಮಣಿ. ಅದರ ಮೇಲೆ ಮತ್ತೊಮ್ಮೆ ಮಂತ್ರ ಹೇಳಬೇಕು. ಬಹಳ ಜನ ಇಲ್ಲಿ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ 107ಕ್ಕೇ ನಿಲ್ಲುತ್ತಾರೆ. ರೂಢಿಯಾಗುವ ತನಕ ಎಡಗೈ ಆಸರೆ ಕೊಟ್ಟರೆ ತಪ್ಪೇನಿಲ್ಲ ಅಂತ ನನ್ನ ಅನಿಸಿಕೆ. ಸರ ನೆಲಕ್ಕೆ ಬೀಳುವುದಕ್ಕಿಂತ ವಾಸಿ.

ಸುತ್ತುಗಳ ಲೆಕ್ಕವನ್ನು ಎಡಗೈ ಬೆರಳಿನ ಗೆಣ್ಣುಗಳ ಮೇಲೆ ಇಟ್ಟುಕೊಳ್ಳುತ್ತಾರೆ. ಒಂದು ಸುತ್ತಿಗೆ ನೂರೆಂದೇ ಲೆಕ್ಕ, ಉಳಿದ ಎಂಟು ತಪ್ಪುಒಪ್ಪುಗಳಿಗೆ. ಹತ್ತು ಸುತ್ತಾದರೆ ಸಾವಿರ. ಇದನ್ನು ವಿಡಿಯೊಗೆ ಸೇರಿಸಬೇಡ, ಒಂದು ನಿಮಿಷದಲ್ಲಿ ಹಿಡಿಯುವುದಿಲ್ಲ.

ತೆಗೆಯುವಾಗ ಮುಂದಿನ ಕ್ಯಾಮೆರಾ ಬೇಡ. ಕೆಲವು ಫೋನುಗಳಲ್ಲಿ ಅದು ಕನ್ನಡಿಯಂತೆ ಎಡಬಲ ಅದಲುಬದಲು ಮಾಡಿಬಿಡುತ್ತದೆ. ನಿನ್ನ ಬಲಗೈ ನೋಡುವವರಿಗೆ ಎಡಗೈಯಾಗಿ ಕಂಡು ಅವರೂ ಹಾಗೇ ಹಿಡಿಯುತ್ತಾರೆ. ಹಿಂದಿನ ಕ್ಯಾಮೆರಾವನ್ನು ನಿನ್ನ ಬಲಭುಜದ ಮೇಲಿಂದ ಕೆಳಮುಖವಾಗಿ ಇಡು, ಆಗ ನೋಡುವವರಿಗೆ ತಮ್ಮ ಕೈಯನ್ನೇ ನೋಡಿದ ಹಾಗಿರುತ್ತದೆ. ರುದ್ರಾಕ್ಷಿ ಕಂದು ಬಣ್ಣ, ಕೆಳಗೆ ಬಿಳಿ ಪಂಚೆ ಹಾಸಿಕೋ. ಪೂರ್ತಿ ಸರ ಒಂದು ನಿಮಿಷದಲ್ಲಿ ಹಿಡಿಯುವುದಿಲ್ಲ. ಮೊದಲ ಐದು ಮಣಿ, ಆಮೇಲೆ ಕೊನೆಯ ಮೂರು, ಆಮೇಲೆ ತಿರುಗಿಸುವುದು, ಅಷ್ಟು ಸಾಕು. ಗುರುಗಳು ಕೊಟ್ಟ ಮಂತ್ರವನ್ನು ಅದರಲ್ಲಿ ಹೇಳಬೇಡ, ಎಲ್ಲರೂ ಹೇಳುವ ನಾಮ ಯಾವುದಾದರೂ ಆಗಲಿ.

ತೆಗೆದ ಮೇಲೆ ಧ್ವನಿ ಬಂದ್ ಮಾಡಿ ಅಮ್ಮನಿಗೆ ತೋರಿಸು. ಮೇರುವಿನ ಹತ್ತಿರ ಬೆರಳು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಅವಳು ಹೇಳಲಾಗದಿದ್ದರೆ ಆ ತುಣುಕನ್ನು ನಿಧಾನಗತಿಯಲ್ಲಿ ಮತ್ತೆ ಹಾಕು.

ಇಂತಿ,
ನಿನ್ನ ದೊಡ್ಡಮ್ಮ