ಲಕ್ಷ ಯಾವುದು, ಕೋಟಿ ಯಾವುದು?

ಮಾನ್ಯ ಸಂಪಾದಕರೇ,

ಸೋಮವಾರದ ವಾಣಿಜ್ಯ ಪುಟದಲ್ಲಿ ನಮ್ಮೂರ ಕಂಪನಿಯ ಸುದ್ದಿ ಬಂದಿದೆಯಲ್ಲ, ಅದನ್ನು ಬರೆದವರು ವಾರ್ಷಿಕ ವರದಿಯನ್ನು ತೆರೆದಾದರೂ ನೋಡಿದ್ದರಾ? ವರಮಾನ ₹48,620 ಕೋಟಿಯಂತೆ! ಲೆಕ್ಕಪತ್ರದ ಬಲಮೂಲೆಯಲ್ಲಿ ‘₹ ಲಕ್ಷಗಳಲ್ಲಿ’ ಎಂದು ಸಣ್ಣ ಅಕ್ಷರದಲ್ಲಿದೆ. ನೂರರಿಂದ ಭಾಗಿಸಿದರೆ 486.20 ಕೋಟಿ, ಅಷ್ಟೇ. ಒಟ್ಟು ಆದಾಯ ನೂರು ಕೋಟಿ ದಾಟಿದ ಕಂಪನಿ ಲೆಕ್ಕವನ್ನು ಲಕ್ಷದಲ್ಲಿ, ಮಿಲಿಯನ್‌ನಲ್ಲಿ ಅಥವಾ ಕೋಟಿಯಲ್ಲಿ ಕೊಡಬಹುದು ಎಂದು ಕಂಪನಿ ಕಾಯ್ದೆಯ 3ನೇ ಅನುಸೂಚಿಯೇ ಹೇಳುತ್ತದೆ. ಹಾಗಾಗಿ ಮೊದಲು ನೋಡಬೇಕಾದದ್ದೇ ಆ ಮೂಲೆಯನ್ನು.

ಲಾಭ ಮಾತ್ರ ಸರಿಯಾಗಿ ₹38.90 ಕೋಟಿ ಎಂದಿದೆ. ಅಧ್ಯಕ್ಷರ ಪತ್ರ ಕೋಟಿಯಲ್ಲಿತ್ತು, ಎತ್ತಿಕೊಂಡಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಭಾಗಿಸಿದ್ದರೆ ತಪ್ಪು ತಾನಾಗಿ ಹೊರಬೀಳುತ್ತಿತ್ತು. ನಿಮ್ಮ ಅಂಕಿಯ ಪ್ರಕಾರ ಲಾಭ ಶೇ 0.08. ಕೆಳಗಿನ ಸಾಲಿನಲ್ಲಿ ನೀವೇ ಶೇ 8 ಎಂದಿದ್ದೀರಿ. ಆ ಪ್ರಮಾಣವೂ ಹೋದ ವರ್ಷಕ್ಕಿಂತ ‘ಶೇ 2ರಷ್ಟು ಏರಿದೆ’ ಅಂತೆ. ಶೇ 6 ಇದ್ದದ್ದು ಶೇ 8 ಆದರೆ ಏರಿದ್ದು 2 ಪರ್ಸೆಂಟೇಜ್ ಪಾಯಿಂಟ್. ಏರಿಕೆಯನ್ನು ಶೇಕಡಾದಲ್ಲೇ ಹೇಳಬೇಕೆಂದರೆ ಅದು ಸುಮಾರು ಶೇ 33.

ಇನ್ನು ದಪ್ಪಕ್ಷರದ ‘ಶೇ 250 ಲಾಭಾಂಶ’! ಅದು ₹2 ಮುಖಬೆಲೆಯ ಮೇಲೆ, ಅಂದರೆ ಷೇರಿಗೆ ₹5. ಪೇಟೆಯಲ್ಲಿ ಆ ಷೇರಿಗೆ ₹500 ಇದೆ. ನನ್ನ ಹತ್ತಿರ ಇರುವುದು 200 ಷೇರು, ಬರುವುದು ಸಾವಿರ ರೂಪಾಯಿ. ಆದರೆ ಬೆಳಗಿನ ಕಾಫಿ ಮುಗಿಯುವ ಮೊದಲೇ ಭಾಮೈದನ ಫೋನ್: ‘ಭಾವ, ಲಕ್ಷಕ್ಕೆ ಎರಡೂವರೆ ಲಕ್ಷ ಬಂತಂತೆ, ಸೈಟಿಗೆ ಸ್ವಲ್ಪ ಕೈಸಾಲ ಕೊಡಿ.’ ಇಲ್ಲ ಅಂದದ್ದಕ್ಕೆ ಮನೆಯಲ್ಲಿ ಇನ್ನೂ ಮುಖ ಊದಿಕೊಂಡಿದೆ. ದೇವಸ್ಥಾನದ ಜೀರ್ಣೋದ್ಧಾರದವರು ರಸೀದಿ ಪುಸ್ತಕ ಹಿಡಿದೇ ಬಂದರು. ವಾಕಿಂಗ್ ಹೋಗುವುದನ್ನೇ ಬಿಟ್ಟಿದ್ದೇನೆ. ಪತ್ರಿಕೆಯ ಈ ಉಪಕಾರವನ್ನು ಮರೆಯುವುದಿಲ್ಲ.

ನಿಮ್ಮವರನ್ನೊಬ್ಬರನ್ನೇ ಅಂದು ಏನು ಪ್ರಯೋಜನ? ತಾಲ್ಲೂಕು ಕಚೇರಿಯಲ್ಲೂ ಇದೇ ಕಥೆ. ಪಹಣಿಯಲ್ಲಿ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅಲ್ಲಿನ ಗುಮಾಸ್ತರು ದಶಮಾಂಶ ಅಂದುಕೊಂಡು ಬೆಳೆ ಪರಿಹಾರಕ್ಕೆ ಹನ್ನೆರಡು ಗುಂಟೆ ಕಡಿಮೆ ಬರೆದರು. ಕೇಳಿದರೆ ‘ಕಂಪ್ಯೂಟರ್ ಹಾಗೆ ತೋರಿಸ್ತದೆ, ನಾಳೆ ಬನ್ನಿ’. ಸಾಹೇಬರು ಯಾವಾಗಲೂ ಮೀಟಿಂಗ್‌ನಲ್ಲೇ. ನಗರಸಭೆಯ ಬಜೆಟ್ ಪುಸ್ತಕದಲ್ಲಂತೂ ಲಕ್ಷವೋ ಸಾವಿರವೋ ಎಂದೇ ಹಾಕುವುದಿಲ್ಲ. ಹಾಕಿದರೆ ಚರಂಡಿಗೆ ಎಷ್ಟು ಹೋಯಿತು ಅಂತ ಜನ ಕೇಳಿಬಿಡುತ್ತಾರೆ ಅಲ್ವಾ?

ನಾಳೆಯೇ ತಿದ್ದುಪಡಿ ಹಾಕಿ, ಅದೂ ಒಳಪುಟದ ಮೂಲೆಯಲ್ಲಿ ಅಲ್ಲ. ಇಲ್ಲವೇ ಇಂಥ ಸುದ್ದಿ ಹಾಕುವುದನ್ನೇ ಬಿಡಿ. ತಾಲ್ಲೂಕು ಕಚೇರಿಯವರನ್ನೂ ಯಾರಾದರೂ ಸ್ವಲ್ಪ ವಿಚಾರಿಸಿಕೊಳ್ಳಲಿ. ಸಂಬಳ ಎಣಿಸಿಕೊಳ್ಳುವಾಗ ಮಾತ್ರ ಯಾರಿಗೂ ಸೊನ್ನೆ ತಪ್ಪುವುದಿಲ್ಲ!

– ನೊಂದ ಷೇರುದಾರ